ಸಹಾಯ ಬೇಕು: 18,000 ಅಡಿಯಲ್ಲಿ ಆಲ್ಟಿಮೀಟರ್ ಬದಲಿಸುವಾಗಿನ ತೊಡಕು

ವಿಮಾನ ಚಾಲನೆ ಬಲ್ಲವರಲ್ಲಿ ವಿನಂತಿ. ಅಮೆರಿಕದಲ್ಲಿ ತರಬೇತಿ ಪಡೆಯುತ್ತಿದ್ದೇನೆ. ಎತ್ತರ ತೋರಿಸುವ ಆಲ್ಟಿಮೀಟರ್ ಅಳೆಯುವುದು ಗಾಳಿಯ ಒತ್ತಡವನ್ನು ಮಾತ್ರ. ಯಾವ ಒತ್ತಡದಿಂದ ಎತ್ತರ ಎಣಿಸಬೇಕೆಂದು ನಾವೇ ಗುಂಡಿ ತಿರುಗಿಸಿ ಹೇಳಬೇಕು. ಕೆಳಗಿರುವಾಗ ಗುಡ್ಡಬೆಟ್ಟಗಳಿಂದ ಪಾರಾಗಲು ಸ್ಥಳೀಯ ಒತ್ತಡ ಬೇಕು. 18,000 ಅಡಿಯ ಮೇಲೆ, ಎಲ್ಲೆಲ್ಲಿಂದಲೋ ಬಂದ ವಿಮಾನಗಳೆಲ್ಲ 29.92 ಇಂಚು ಪಾದರಸದ ಒತ್ತಡವನ್ನೇ ಇಟ್ಟುಕೊಂಡರೆ ಅವುಗಳ ನಡುವಿನ ಅಂತರ ಕೆಡುವುದಿಲ್ಲ. ಇಷ್ಟು ಅರ್ಥವಾಗಿದೆ.

ಮೊನ್ನೆ ಸಿಮ್ಯುಲೇಟರಿನಲ್ಲಿ ಸ್ಥಳೀಯ ಒತ್ತಡ 29.42 ಇತ್ತು, 190ನೇ ಫ್ಲೈಟ್ ಲೆವೆಲ್‌ಗೆ ಅಂದರೆ 29.92ರ ಲೆಕ್ಕದಲ್ಲಿ 19,000 ಅಡಿಗೆ ಏರಬೇಕಿತ್ತು. 18,000 ದಾಟುವಾಗ 29.92ಕ್ಕೆ ತಿರುಗಿಸಿದೆ, ಮುಳ್ಳು 18,500ಕ್ಕೆ ಜಿಗಿಯಿತು. ಸಾವಿರ ಅಡಿ ಇದೆಯೆಂದುಕೊಂಡಿದ್ದವನಿಗೆ ಉಳಿದದ್ದು ಐನೂರು! ನಿಮಿಷಕ್ಕೆ 1,500 ಅಡಿ ಏರುತ್ತಿದ್ದುದರಿಂದ ಇಪ್ಪತ್ತೇ ಸೆಕೆಂಡು, ಮಟ್ಟ ಮೀರಿಬಿಟ್ಟೆ. ಒತ್ತಡ ಕಡಿಮೆ ಇರುವ ದಿನ ಈ ಜಿಗಿತವನ್ನು ನೀವು ಮೊದಲೇ ಲೆಕ್ಕ ಹಾಕುತ್ತೀರಾ? ಏರುವ ವೇಗವನ್ನು ಎಲ್ಲಿಂದ ತಗ್ಗಿಸುತ್ತೀರಿ?