ಪೇಪರ್‌ನಿಂದ ಪ್ರೆಸ್‌ನೋಟ್‌ಗೆ: ಒಂದು ‘ಇಂದ’ದ ವಿಚಾರ

ಕೇಳಿದವರು

“ನಮ್ಮ ವಿಭಾಗದ ಪೇಪರ್ ಒಂದು ಜರ್ನಲ್‌ನಲ್ಲಿ ಬಂದಿದೆ. ಉಪ್ಪಿನಕಾಯಿ, ಹಪ್ಪಳ, ಪ್ಯಾಕೆಟ್ ತಿಂಡಿ ತಿನ್ನುವ ಅಭ್ಯಾಸ ಮತ್ತು ಬಿಪಿ ಬಗ್ಗೆ. ಜನರನ್ನು ಒಂದೇ ಸಲ ಭೇಟಿಯಾಗಿ, ಪ್ರಶ್ನೆ ಕೇಳಿ, ಅದೇ ದಿನ ಬಿಪಿ ನೋಡಿದ್ದು. ಈಗ ಕನ್ನಡ ಪತ್ರಿಕೆಗಳಿಗೆ ಪ್ರೆಸ್‌ನೋಟ್, ಇನ್‌ಸ್ಟಾಗ್ರಾಂಗೆ ನಾಲ್ಕೈದು ಕಾರ್ಡ್ ನಾನೇ ಮಾಡಬೇಕು. ‘ಸ್ವಲ್ಪ ಜೋರಾಗಿರಲಿ, ಇಲ್ಲಾಂದ್ರೆ ಯಾರೂ ಹಾಕಲ್ಲ’ ಅಂತ ಗೈಡ್ ಹೇಳಿದ್ದಾರೆ. ಪೇಪರ್ ಹೇಳದೇ ಇದ್ದದ್ದನ್ನು ಹೇಳದ ಹಾಗೆ ಬರೆಯೋದು ಹೇಗೆ? ಮಾಡಿ ಅನುಭವ ಇರುವವರು ತಿಳಿಸಿ.”

ಸಂಶೋಧನಾ ಸಂಸ್ಥೆಯೊಂದಕ್ಕೆ ಪ್ರೆಸ್‌ನೋಟ್ ಬರೆಯುವವರು

ಕರಡು ನನ್ನ ಮೇಜಿಗೆ ಬಂದ ಕೂಡಲೇ ನಾನು ಪೆನ್ಸಿಲ್ ಹಿಡಿದು ‘ಇಂದ’ ಇರುವ ಕಡೆಯೆಲ್ಲ ಸುತ್ತು ಹಾಕುತ್ತೇನೆ. ‘ಹಪ್ಪಳ ಜಾಸ್ತಿ ತಿನ್ನುವವರಲ್ಲಿ ಬಿಪಿ ಹೆಚ್ಚಿತ್ತು’ ಎಂದರೆ ಕಂಡದ್ದನ್ನು ಹೇಳಿದಂತೆ. ‘ಹಪ್ಪಳ ತಿನ್ನುವುದರಿಂದ ಬಿಪಿ ಏರುತ್ತದೆ’ ಎಂದರೆ ಕಾರಣವನ್ನೇ ಹೇಳಿದಂತೆ. ಬರೆಯುವಾಗ ಎರಡೂ ಒಂದೇ ಅನ್ನಿಸುತ್ತದೆ. ಎರಡನೆಯದು ಚಿಕ್ಕದು, ಬಾಯಿಗೆ ಸುಲಭ, ಹಾಗಾಗಿ ಕೈ ತಾನಾಗಿ ಅದನ್ನೇ ಬರೆದುಬಿಡುತ್ತದೆ.

ನಿಮ್ಮ ಅಧ್ಯಯನ ಜನರನ್ನು ನೋಡಿದ್ದು ಒಂದೇ ಸಲ. ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದು ಅದರಲ್ಲಿ ಸಿಗುವುದಿಲ್ಲ. ಬಿಪಿ ಇದೆ ಎಂದು ಗೊತ್ತಾದ ಮೇಲೆ ಉಪ್ಪಿನಕಾಯಿ ಬಿಟ್ಟವರು ಅದರಲ್ಲಿ ಇರಬಹುದು. ಅವರು ‘ಕಡಿಮೆ ತಿನ್ನುವವರ’ ಸಾಲಿಗೆ ಸೇರಿಬಿಡುತ್ತಾರೆ, ಬಿಪಿ ಮಾತ್ರ ಹೆಚ್ಚೇ ಇರುತ್ತದೆ. ಹಾಗಾಗಿ ನಿಮ್ಮ ಪ್ರೆಸ್‌ನೋಟ್‌ನಲ್ಲಿ ‘ಇಂದ’ಕ್ಕೆ ಜಾಗವಿಲ್ಲ.

ನಾನು ಹೊಸಬರಿಗೆ ಕಲಿಸಲು ಇಟ್ಟುಕೊಂಡಿರುವುದು 2015ರ ಮಾಂಸದ ಸುದ್ದಿ. ಆ ವರ್ಷ ಅಕ್ಟೋಬರ್ 26ರಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಒಂದೇ ಪ್ರಕಟಣೆಯಲ್ಲಿ ಎರಡು ಮಾತು ಹೇಳಿತು. ಸಾಸೇಜ್, ಬೇಕನ್, ಹ್ಯಾಮ್‌ನಂಥ ಸಂಸ್ಕರಿಸಿದ ಮಾಂಸ ಕ್ಯಾನ್ಸರ್‌ಕಾರಕ, ಅಂದರೆ 1ನೇ ಗುಂಪು. ಕುರಿ, ಮೇಕೆ, ದನ, ಹಂದಿ ಸೇರಿದ ಕೆಂಪು ಮಾಂಸ ‘ಬಹುಶಃ’ ಕ್ಯಾನ್ಸರ್‌ಕಾರಕ, ಅಂದರೆ 2ಎ ಗುಂಪು. ಕನ್ನಡದಲ್ಲಿ ಬರೆದರೆ ಮೊದಲನೆಯದಕ್ಕೆ ‘ತಿನ್ನುವುದರಿಂದ’ ಎನ್ನಬಹುದು, ಪುರಾವೆ ಅಷ್ಟು ಗಟ್ಟಿ. ಎರಡನೆಯದಕ್ಕೆ ಅನ್ನುವ ಹಾಗಿಲ್ಲ. ‘ಮಾಂಸ ತಿಂದರೆ ಕ್ಯಾನ್ಸರ್’ ಎಂದು ಒಂದೇ ಸಾಲಿಗೆ ಇಳಿಸಿದರೆ ಆ ‘ಬಹುಶಃ’ ಹೋಯಿತು, ಸಾಸೇಜ್ ಕಣ್ಣಲ್ಲೇ ಕಾಣದ ಊರಿನ ಮಟನ್ ಸಾರೂ ಅದರೊಳಗೆ ಬಂತು.

ಅದೇ ಸುದ್ದಿಯಲ್ಲಿ ಇನ್ನೂ ಎರಡು ಗುಂಡಿ ಇದ್ದವು. 1ನೇ ಗುಂಪಿನಲ್ಲಿ ತಂಬಾಕೂ ಇದೆ. ‘ಸಾಸೇಜ್ ಸಿಗರೇಟಿನಷ್ಟೇ ಅಪಾಯಕಾರಿ’ ಎಂಬ ಅರ್ಥ ಬರುವ ತಲೆಬರಹಗಳು ಎಷ್ಟೋ ದೇಶಗಳಲ್ಲಿ ಬಂದವು. ಆದರೆ ಗುಂಪು ಹೇಳುವುದು ಸಾಕ್ಷಿ ಎಷ್ಟು ಗಟ್ಟಿ ಎಂಬುದನ್ನು, ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ. ಇರುವೆ ಕಚ್ಚುತ್ತದೆ ಅನ್ನುವುದಕ್ಕೂ ನಾಗರಹಾವು ಕಚ್ಚುತ್ತದೆ ಅನ್ನುವುದಕ್ಕೂ ಸಾಕ್ಷಿ ಒಂದೇ ಗಟ್ಟಿ. ಕಡಿತ ಒಂದೇ ಅಲ್ಲ.

ಇನ್ನೊಂದು ಅಂಕಿಯ ವಿಚಾರ. ದಿನಕ್ಕೆ 50 ಗ್ರಾಂ ಸಂಸ್ಕರಿಸಿದ ಮಾಂಸ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರ್ ಅಪಾಯ ಶೇ 18ರಷ್ಟು ಹೆಚ್ಚುತ್ತದೆ ಎಂದು ಪ್ರಕಟಣೆಯಲ್ಲಿತ್ತು. ಇದನ್ನು ಓದಿದ ನಮ್ಮ ಮನೆಯವರೇ ‘ನೂರರಲ್ಲಿ 18 ಜನಕ್ಕೆ ಬರುತ್ತಾ?’ ಎಂದು ಕೇಳಿದ್ದರು. ಶೇ 18 ಯಾವುದರ ಮೇಲೆ ಎಂದು ಹೇಳದಿದ್ದರೆ ಯಾರಿಗಾದರೂ ಹಾಗೇ ಅನ್ನಿಸುತ್ತದೆ. ಬ್ರಿಟನ್ನಿನ ಕ್ಯಾನ್ಸರ್ ರಿಸರ್ಚ್ ಯುಕೆ ಅದನ್ನು ತಲೆ ಎಣಿಸಿ ಬಿಡಿಸಿಟ್ಟಿತು. ಅಲ್ಲಿ ಈ ಮಾಂಸ ತೀರಾ ಕಡಿಮೆ ತಿನ್ನುವ 1000 ಜನರಲ್ಲಿ ಜೀವಮಾನದಲ್ಲಿ ಸುಮಾರು 56 ಜನರಿಗೆ ಕರುಳಿನ ಕ್ಯಾನ್ಸರ್ ಬರುತ್ತದೆ, ಬಹಳ ತಿನ್ನುವ 1000 ಜನರಲ್ಲಿ ಸುಮಾರು 66 ಜನರಿಗೆ. ಸಾವಿರಕ್ಕೆ ಹತ್ತು ಜನ ಜಾಸ್ತಿ. ಈ ಹತ್ತನ್ನು ಮುಚ್ಚಿಡಬಾರದು, ನೂರಕ್ಕೆ 18 ಎಂದು ಉಬ್ಬಿಸಲೂಬಾರದು. ಅವು ಬ್ರಿಟನ್ನಿನ ಲೆಕ್ಕ ಎಂಬುದನ್ನೂ ಅದೇ ವಾಕ್ಯದಲ್ಲಿ ಹೇಳಬೇಕು. ನಮ್ಮಲ್ಲಿ ಆ ಕ್ಯಾನ್ಸರ್ ಬರುವ ಪ್ರಮಾಣವೇ ಬೇರೆ.

ಪತ್ರಿಕೆಯ ಡೆಸ್ಕ್‌ನಲ್ಲಿ ಇದ್ದವರು

ಮೇಡಂ ಹೇಳಿದ್ದು ಸರಿ. ಆದರೆ ಡೆಸ್ಕಿನ ಕಷ್ಟವನ್ನೂ ಕೇಳಿ. ರಾತ್ರಿ ಒಂಬತ್ತಕ್ಕೆ ಪ್ರೆಸ್‌ನೋಟ್ ಬರುತ್ತದೆ, ಜಾಗ ಇರುವುದು ಸಿಂಗಲ್ ಕಾಲಂ. ನಾವು ಕೆಳಗಿನಿಂದ ಕತ್ತರಿಸುತ್ತೇವೆ. ಕೊನೇ ಪ್ಯಾರಾದಲ್ಲಿ ‘ಈ ಅಧ್ಯಯನಕ್ಕೆ ಕೆಲವು ಮಿತಿಗಳಿವೆ’ ಎಂದು ಇಟ್ಟರೆ ಮೊದಲು ಹೋಗುವುದೇ ಅದು. ಮಿತಿಯನ್ನು ಇಂಟ್ರೊದೊಳಗೇ ಹೆಣೆದುಬಿಡಿ. ‘ಜನರನ್ನು ಒಂದು ಬಾರಿ ಮಾತ್ರ ಪರೀಕ್ಷಿಸಿದ ಅಧ್ಯಯನದಲ್ಲಿ…’ ಎಂದು ಶುರು ಮಾಡಿದರೆ ಅದನ್ನು ಕತ್ತರಿಸೋಕೆ ಆಗಲ್ಲ.

ಇನ್ನೊಂದು ಮಾತು, ಸುಮ್ನೆ ಎಲ್ಲ ಅಧ್ಯಯನಕ್ಕೂ ‘ಸಂಬಂಧ ಕಂಡುಬಂದಿದೆ’ ಎಂದೇ ಬರೆದುಬಿಡಿ. ಯಾವತ್ತೂ ತಪ್ಪಾಗಲ್ಲ. ಆದರೆ ಜೋರಿಲ್ಲದ ಪ್ರೆಸ್‌ನೋಟ್ ಬಹಳಷ್ಟು ಸಲ ಬುಟ್ಟಿಗೇ ಹೋಗುತ್ತದೆ, ಅದಕ್ಕೂ ತಯಾರಿರಿ.

ಪ್ರೆಸ್‌ನೋಟ್ ಬರೆಯುವವರು

ಮಿತಿಯನ್ನು ಮೊದಲ ವಾಕ್ಯದಲ್ಲೇ ಇಡಬೇಕು ಅನ್ನುವುದು ನೂರಕ್ಕೆ ನೂರು ನಿಜ ಸಾರ್. ಉಳಿದೆರಡು ಮಾತು ನನಗೆ ಒಪ್ಪಿಗೆಯಿಲ್ಲ.

ಎಲ್ಲದಕ್ಕೂ ‘ಸಂಬಂಧ’ ಎಂದರೆ ಅದೂ ತಿರುಚಿದಂತೆಯೇ. ಚೀಟಿ ಎತ್ತಿದ ಹಾಗೆ ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಔಷಧಿ ಕೊಟ್ಟು, ಇನ್ನೊಂದಕ್ಕೆ ಕೊಡದೆ ನೋಡಿದ ಪ್ರಯೋಗ ಇರುತ್ತದೆ. ಅದನ್ನು ಚೆನ್ನಾಗಿ ಮಾಡಿದ್ದರೆ ‘ಔಷಧಿಯಿಂದ ಇಷ್ಟು ಇಳಿಯಿತು’ ಎಂದೇ ಬರೆಯಬೇಕು. ಅಲ್ಲಿ ‘ಸಂಬಂಧ’ ಎಂದು ಜಾರಿಕೊಂಡರೆ ಓದುಗನಿಗೆ ಸಿಗಬೇಕಾದ ಖಚಿತ ಮಾತು ಸಿಗುವುದಿಲ್ಲ.

ಜೋರಿಲ್ಲದಿದ್ದರೆ ಹಾಕಲ್ಲ ಅನ್ನುವುದನ್ನು ಪರೀಕ್ಷಿಸಿದವರಿದ್ದಾರೆ. ಬ್ರಿಟನ್ನಿನ 20 ವಿಶ್ವವಿದ್ಯಾಲಯಗಳ 462 ಪ್ರೆಸ್‌ನೋಟ್‌ಗಳನ್ನು ಪೇಪರ್ ಜೊತೆಗೂ ಸುದ್ದಿಯ ಜೊತೆಗೂ ಹೋಲಿಸಿ ನೋಡಿದ್ದು 2014ರಲ್ಲಿ ಬಿಎಂಜೆ ಜರ್ನಲ್‌ನಲ್ಲಿ ಬಂತು. ಪ್ರಾಣಿಗಳ ಮೇಲಿನ ಅಧ್ಯಯನವನ್ನು ಪ್ರೆಸ್‌ನೋಟ್ ಮನುಷ್ಯರಿಗೆ ಎಳೆದಿದ್ದಾಗ ಸುದ್ದಿಗಳಲ್ಲಿ ಶೇ 86 ಹಾಗೇ ಎಳೆದಿದ್ದವು. ಪ್ರೆಸ್‌ನೋಟ್ ಎಳೆಯದಿದ್ದಾಗ ಶೇ 10 ಮಾತ್ರ. ಉಬ್ಬಿಸಿದ್ದಕ್ಕೆ ಸುದ್ದಿ ಜಾಸ್ತಿ ಬಂತು ಅನ್ನುವುದಕ್ಕೆ ಸಾಕ್ಷಿ ಸಿಗಲಿಲ್ಲ. ಇದೂ ಬರೀ ಹೋಲಿಸಿ ನೋಡಿದ ಅಧ್ಯಯನ, ಹಾಗಾಗಿ ‘ಪ್ರೆಸ್‌ನೋಟಿನಿಂದಲೇ ಸುದ್ದಿ ಕೆಟ್ಟಿತು’ ಎಂದು ನಾನು ಬರೆಯುವುದಿಲ್ಲ. ಮುಂದೆ 2019ರಲ್ಲಿ ಪ್ರೆಸ್‌ನೋಟ್‌ಗಳನ್ನೇ ತಿದ್ದಿ ಕಳಿಸಿದ ಪ್ರಯೋಗವೂ ಬಂತು. ಅದರಲ್ಲೂ ಎಚ್ಚರದ ಮಾತು ಸೇರಿಸಿದ್ದಕ್ಕೆ ಸುದ್ದಿ ಕಡಿಮೆಯಾಗಲಿಲ್ಲ. ಎರಡೂ ಬ್ರಿಟನ್ನಿನವು. ಆದರೂ ಗೈಡ್ ಮುಂದೆ ಇಡಲು ಇದಕ್ಕಿಂತ ಒಳ್ಳೆ ಮಾತಿಲ್ಲ.

ಲ್ಯಾಬಿನಲ್ಲಿ ಕೆಲಸ ಮಾಡುವವರು

ನನ್ನದು ಬೇರೆ ಥರದ ಅನುಭವ, ನಿಮ್ಮ ಪ್ರಶ್ನೆಗೆ ನೇರ ಉತ್ತರ ಅಲ್ಲದಿರಬಹುದು. ಕೆಲವು ವರ್ಷದ ಹಿಂದೆ ನಮ್ಮ ಇಲಿಗಳ ಮೇಲಿನ ಕೆಲಸಕ್ಕೆ ಪ್ರೆಸ್‌ನೋಟ್ ಹೋಯಿತು. ಒಳಗೆ ‘ಇಲಿಗಳಲ್ಲಿ’ ಎಂಬ ಪದ ಮೂರನೇ ಪ್ಯಾರಾದಲ್ಲಿತ್ತು. ತಲೆಬರಹದಲ್ಲಿ ‘ಔಷಧ ಪತ್ತೆ’ ಎಂದಿತ್ತು. ಅದನ್ನು ನಾನೇ ಓದಿ ಒಪ್ಪಿದ್ದೆ. ಮರುದಿನ ಬೆಳಿಗ್ಗೆ ಲ್ಯಾಬಿನ ನಂಬರಿಗೆ ಒಬ್ಬರು ಫೋನ್ ಮಾಡಿದರು. ‘ಸಾರ್, ನಮ್ಮಪ್ಪನ್ನ ಕರ್ಕೊಂಡು ಬಸ್‌ಸ್ಟ್ಯಾಂಡಿಗೆ ಬಂದಿದೀವಿ, ಯಾವ ಬಸ್ಸು ಹತ್ತಬೇಕು?’ ಅಂದರು. ನನಗೆ ಗಂಟಲು ಕಟ್ಟಿತು. ಇದು ಇನ್ನೂ ಇಲಿಗಳ ಮೇಲೆ ಮಾತ್ರ ನೋಡಿದ್ದು, ಈಗಿರುವ ಚಿಕಿತ್ಸೆ ಬಿಡಬೇಡಿ, ನಿಮ್ಮ ಡಾಕ್ಟರ್ ಹೇಳಿದ ಹಾಗೆ ಮಾಡಿ ಎಂದು ಹೇಳಿದೆ. ಅವರು ‘ಆಯ್ತು ಸಾರ್’ ಎಂದು ಇಟ್ಟರು. ಆಮೇಲೆ ನಮ್ಮಲ್ಲಿ ತಲೆಬರಹದಲ್ಲೇ ‘ಇಲಿಗಳಲ್ಲಿ’ ಎಂದು ಇರದ ಪ್ರೆಸ್‌ನೋಟ್‌ಗೆ ನಾನು ಸಹಿ ಹಾಕಿಲ್ಲ.

ಆರೋಗ್ಯದ ಕಾರ್ಡ್, ರೀಲ್ ಮಾಡುವವರು

ಕಾರ್ಡ್ ಬಗ್ಗೆ ಹೇಳುತ್ತೇನೆ. ಐದು ಕಾರ್ಡ್ ಮಾಡುವವರು ಐದನ್ನೂ ಜನ ಓದುತ್ತಾರೆ ಅಂದುಕೊಳ್ಳುತ್ತಾರೆ. ನಡೆಯುವುದು ಹಾಗಲ್ಲ. ಯಾರೋ ಎರಡನೇ ಕಾರ್ಡಿನ ಸ್ಕ್ರೀನ್‌ಶಾಟ್ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕುತ್ತಾರೆ. ಕೆಳಗಿನ ಕ್ಯಾಪ್ಶನ್ ಅದರ ಜೊತೆ ಹೋಗುವುದಿಲ್ಲ. ಹಾಗಾಗಿ ಒಂದೊಂದು ಕಾರ್ಡೂ ಒಂಟಿಯಾಗಿ ಹೋದರೂ ಸುಳ್ಳಾಗಬಾರದು. ಯಾರನ್ನು ನೋಡಿದ್ದು, ಹೇಗೆ ನೋಡಿದ್ದು ಎಂಬುದನ್ನು ನಾನು ಚಿತ್ರದೊಳಗೇ ಒಂದು ಪಟ್ಟಿಯಾಗಿ, ಎಲ್ಲ ಕಾರ್ಡಿನ ಕೆಳಗೂ ಹಾಕುತ್ತೇನೆ. ಪೇಪರ್ ಹೆಸರು, ಜರ್ನಲ್, ವರ್ಷವೂ ಅಲ್ಲೇ.

ಚಿತ್ರವೂ ಮಾತಾಡುತ್ತದೆ. ಪಠ್ಯದಲ್ಲಿ ‘ಬಿಪಿ ಹೆಚ್ಚಿರುವುದು ಕಂಡುಬಂತು’ ಎಂದು ಬರೆದು, ಪಕ್ಕದಲ್ಲಿ ಹಪ್ಪಳದಿಂದ ಹೃದಯಕ್ಕೆ ಕೆಂಪು ಬಾಣ ಎಳೆದರೆ ಆ ಬಾಣವೇ ‘ಇಂದ’. ಅಕ್ಷರ ತಿದ್ದಿದರೆ ಸಾಲದು, ಬಾಣ ಅಳಿಸಿ. ಸಾವಿರಕ್ಕೆ 56, 66ರಂಥ ಲೆಕ್ಕವನ್ನು ಚುಕ್ಕಿಗಳಲ್ಲಿ ಬಿಡಿಸಿದರೆ ಜನ ಬೇಗ ಹಿಡಿಯುತ್ತಾರೆ.

ಕೇಳಿದವರು

ಎಲ್ಲರಿಗೂ ಧನ್ಯವಾದ. ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ಪೇಪರ್‌ನಲ್ಲಿ ಆಡ್ಸ್ ರೇಶಿಯೊ ಮಾತ್ರ ಹೈಲೈಟ್ ಮಾಡಿದ್ದಾರೆ. ‘ಇಷ್ಟು ಪಟ್ಟು ಹೆಚ್ಚು ಸಾಧ್ಯತೆ’ ಎಂದು ಅದನ್ನೇ ಹಾಕಬಹುದಾ? ಮತ್ತೆ, ಕೊನೆಗೆ ‘ಉಪ್ಪು ಕಡಿಮೆ ಮಾಡಿ’ ಎಂದು ಸಲಹೆ ಹಾಕಲೇಬೇಕು ಅಂತ ಗೈಡ್ ಹೇಳುತ್ತಿದ್ದಾರೆ.

ಪ್ರೆಸ್‌ನೋಟ್ ಬರೆಯುವವರು

ಆ ಅಂಕಿಯನ್ನು ‘ಪಟ್ಟು’ ಎಂದು ಬರೆಯಬೇಡಿ. ಬಿಪಿ ಅಪರೂಪದ ವಿಷಯವಲ್ಲ. ಹೀಗೆ ತುಂಬಾ ಜನರಲ್ಲಿ ಇರುವ ವಿಷಯದಲ್ಲಿ ಆಡ್ಸ್ ರೇಶಿಯೊ ನಿಜವಾದ ವ್ಯತ್ಯಾಸಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಒಂದು ಲೆಕ್ಕ ಹಾಕಿ ನೋಡಿ. ಒಂದು ಗುಂಪಿನ 100 ಜನರಲ್ಲಿ 40, ಇನ್ನೊಂದರಲ್ಲಿ 50 ಜನರಿಗೆ ಬಿಪಿ ಇದೆ ಅಂದುಕೊಳ್ಳಿ. ಬಿಪಿ ಇರುವವರನ್ನು ಇಲ್ಲದವರಿಂದ ಭಾಗಿಸಿದರೆ ಮೊದಲ ಗುಂಪಿನಲ್ಲಿ 40/60, ಇನ್ನೊಂದರಲ್ಲಿ 50/50. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಆಡ್ಸ್ ರೇಶಿಯೊ 1.5 ಬರುತ್ತದೆ. ‘ಒಂದೂವರೆ ಪಟ್ಟು’ ಎಂದರೆ ಓದುಗ 40 ಹೋಗಿ 60 ಆಯಿತು ಅಂದುಕೊಳ್ಳುತ್ತಾನೆ. ಇರುವುದು 50. ಪೇಪರ್‌ನ ಟೇಬಲ್‌ನಲ್ಲಿ ಎಷ್ಟು ಜನರಲ್ಲಿ ಎಷ್ಟು ಎಂದು ಇದ್ದೇ ಇರುತ್ತದೆ, ಅದನ್ನು ಲೇಖಕರ ಹತ್ತಿರ ಕೂತು ತೆಗೆಯಿರಿ. ವಯಸ್ಸು, ತೂಕ ಸರಿದೂಗಿಸಿದ ಮೇಲೆ ವ್ಯತ್ಯಾಸ ಎಷ್ಟು ಉಳಿಯಿತು ಎಂದೂ ಕೇಳಿ.

ಸಲಹೆಯ ವಿಚಾರದಲ್ಲಿ ನಾನು ಹಾಕುವುದಿಲ್ಲ. ಆ ಅಧ್ಯಯನ ಸಲಹೆಯನ್ನು ಪರೀಕ್ಷಿಸಿಲ್ಲ.

ಕಾರ್ಡ್, ರೀಲ್ ಮಾಡುವವರು

ಇಲ್ಲಿ ನನ್ನದು ಬೇರೆ ಅಭಿಪ್ರಾಯ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಎಂದು ವಿಶ್ವ ಆರೋಗ್ಯ ಸಂಸ್ಥೆ ಬೇರೆ ಗಟ್ಟಿ ಪುರಾವೆಯ ಮೇಲೆ ಮೊದಲೇ ಹೇಳಿದೆ. ‘ಇದು ಈ ಅಧ್ಯಯನದ ಮಾತಲ್ಲ’ ಎಂದು ಬರೆದು ಬೇರೆ ಬಣ್ಣದ ಕಾರ್ಡಿನಲ್ಲಿ ಹಾಕಿದರೆ ತಪ್ಪೇನು? ಓದಿದವರು ‘ಹಾಗಾದ್ರೆ ನಾನೇನು ಮಾಡ್ಲಿ’ ಅಂತ ಕೇಳೇ ಕೇಳುತ್ತಾರೆ.

ಪ್ರೆಸ್‌ನೋಟ್ ಬರೆಯುವವರು

ಬೇರೆ ಕಾರ್ಡ್ ಆದರೂ ಒಂದೇ ಪೋಸ್ಟಿನಲ್ಲಿ ಇರುತ್ತದಲ್ವಾ, ಜನ ಕೂಡಿಸಿಯೇ ಓದುತ್ತಾರೆ ಅನ್ನುವುದು ನನ್ನ ಅಳುಕು. ನಿಮ್ಮ ದಾರಿಯನ್ನು ಮಾಡಿ ನೋಡಿದವರು ಇದ್ದರೆ ಹೇಳಲಿ.

ಕೇಳಿದವರು

ಇಂಟ್ರೊ ಹೀಗೆ ತಿದ್ದಿದೆ: ‘ಒಂದು ಬಾರಿ ಮಾತ್ರ ಭೇಟಿಯಾಗಿ ನಡೆಸಿದ ಸಮೀಕ್ಷೆಯಲ್ಲಿ, ಉಪ್ಪಿನ ತಿಂಡಿ ಹೆಚ್ಚು ತಿನ್ನುವುದಾಗಿ ಹೇಳಿದವರಲ್ಲಿ ಅಧಿಕ ರಕ್ತದೊತ್ತಡ ಇರುವವರು ಹೆಚ್ಚಾಗಿ ಕಂಡುಬಂದಿದ್ದಾರೆ. ತಿಂಡಿಯೇ ಇದಕ್ಕೆ ಕಾರಣವೇ ಎಂಬುದನ್ನು ಈ ಸಮೀಕ್ಷೆ ಹೇಳಲಾರದು.’ ಎರಡನೇ ಕಾರ್ಡ್: ‘ಉಪ್ಪಿನ ತಿಂಡಿಯಿಂದ ಬಿಪಿ: ಸಮೀಕ್ಷೆ ಕಂಡದ್ದೇನು?’

ಪ್ರೆಸ್‌ನೋಟ್ ಬರೆಯುವವರು

ಇಂಟ್ರೊ ಚೆನ್ನಾಗಿದೆ, ‘ತಿನ್ನುವುದಾಗಿ ಹೇಳಿದವರಲ್ಲಿ’ ಎಂದು ಬರೆದದ್ದು ನನಗೆ ತುಂಬ ಹಿಡಿಸಿತು. ಕಾರ್ಡಿನಲ್ಲಿ ಒಂದು ‘ಇಂದ’ ಉಳಿದಿದೆ ನೋಡಿ. ‘ಉಪ್ಪಿನ ತಿಂಡಿ, ಬಿಪಿ: ಸಮೀಕ್ಷೆ ಕಂಡದ್ದೇನು?’ ಅಷ್ಟೇ ಸಾಕು.