ಓದುಗರ ಸ್ಪಂದನ: ಗೆಳತಿಯ ಫೋಟೋ ಹಾಕುವ ಮೊದಲು ಏನಂತ ಕೇಳಲಿ?

ಹುಬ್ಬಳ್ಳಿಯ ಓದುಗರೊಬ್ಬರು ಕೇಳಿದ್ದರು: "ಗೆಳತಿಯರೆಲ್ಲ ಲಕ್ಕುಂಡಿಗೆ ಹೋಗಿದ್ದೆವು. ಮುಸುಕಿನ ಬಾವಿಯ ಮೆಟ್ಟಿಲ ಮೇಲೆ ಕೂತ ಗೆಳತಿಯ ಫೋಟೋ ತೆಗೆದೆ, ಬಹಳ ಚೆನ್ನಾಗಿ ಬಂದಿದೆ. ಸ್ವಲ್ಪ ಎಡಿಟ್ ಮಾಡಿ ಇನ್‌ಸ್ಟಾಗ್ರಾಮ್‌ಗೆ ಹಾಕುವ ಆಸೆ. ಕೇಳೋಣ ಅಂತ ಬರೆಯಲು ಕೂತರೆ ಮೆಸೇಜು ಅರ್ಜಿಯ ಹಾಗೆ ಉದ್ದ ಆಗುತ್ತದೆ. ಚಿಕ್ಕದಾಗಿ ಏನಂತ ಬರೆಯಲಿ?"

ಗದಗದಿಂದ ಒಬ್ಬ ಓದುಗರು:

ತಂಗಿ, ನಾನೂ ಕೇಳಿಯೇ ಹಾಕಿದ್ದೆ. ಆದರೂ ತಪ್ಪಾಯಿತು. ಜಾತ್ರೆಯಲ್ಲಿ ತೆಗೆದ ಗೆಳತಿಯ ಫೋಟೋ ಕಳಿಸಿ "ಹಾಕಲೇನು?" ಅಂದೆ, "ಹಾಕು" ಅಂದಳು. ಆಮೇಲೆ ಕೂತು ಎಡಿಟ್ ಮಾಡಿದೆ. ಬೆಳಕು ಹೆಚ್ಚಿಸಿದೆ, ಮುಖ ನುಣುಪಾಗುವ ಫಿಲ್ಟರ್ ಹಾಕಿದೆ. ಅವಳ ಗಲ್ಲದ ಮೇಲೆ ಹುಟ್ಟಿನಿಂದ ಒಂದು ಮಚ್ಚೆ ಇದೆ. ಫಿಲ್ಟರ್ ಅದನ್ನು ಕಲೆ ಅಂತ ತಿಳಿದು ಒರೆಸಿಬಿಟ್ಟಿತ್ತು. ಬಣ್ಣವೂ ಎರಡು ಪಟ್ಟು ಬೆಳ್ಳಗಾಗಿತ್ತು. ಸಂಜೆ ಫೋನ್ ಮಾಡಿ ಒಂದೇ ಮಾತು ಕೇಳಿದಳು: "ನನ್ನ ಮಚ್ಚಿ ಎಲ್ಲಿ ಹೋತು?" ಆ ದನಿ ಇನ್ನೂ ಕಿವಿಯಲ್ಲಿದೆ.

ಅವಳು ಒಪ್ಪಿದ್ದು ಒಂದು ಫೋಟೋಗೆ, ನಾನು ಹಾಕಿದ್ದು ಇನ್ನೊಂದು. ಅದಕ್ಕೆ ಹೇಳುತ್ತೇನೆ, ಮೊದಲು ಎಡಿಟ್ ಮಾಡಿ, ಆ ಎಡಿಟ್ ಆದ ಫೋಟೋವನ್ನೇ ಕಳಿಸಿ, ಆಮೇಲೆ ಕೇಳಿ. ಏನು ಬದಲಾಗಿದೆ, ಎಲ್ಲಿ ಹಾಕುತ್ತೀರಿ, ಯಾರು ನೋಡುತ್ತಾರೆ, ಇಷ್ಟು ಇದ್ದರೆ ಸಾಕು. ನಾನಾಗಿದ್ದರೆ ಹೀಗೆ ಬರೆಯುತ್ತೇನೆ:

"ಬಾವಿ ಮೆಟ್ಟಲ ಮ್ಯಾಲ ಕುಂತಿದ್ದಿಯಲ್ಲ, ಆ ಫೋಟೋ ಎಡಿಟ್ ಮಾಡೇನಿ, ನೋಡು. ಹಿಂದ ನಿಂತವರನ್ನ ತಗದೇನಿ, ನೆರಳು ಸ್ವಲ್ಪ ಕಡಿಮಿ ಮಾಡೇನಿ. ನಿನ್ನ ಮುಖ ಮುಟ್ಟಿಲ್ಲ. ಇನ್‌ಸ್ಟಾದಾಗ ಹಾಕಲೇನು? ನನ್ನ ಅಕೌಂಟ್ ಎಲ್ಲಾರಿಗೂ ಕಾಣತೈತಿ. ಬ್ಯಾಡ ಅನಸಿದ್ರ ಹಾಕೂದಿಲ್ಲ, ನನ್ನ ಹಂತೇಲೆ ಇರತೈತಿ."

ಕೊನೆಯ ಸಾಲನ್ನು ಬಿಡಬೇಡಿ. ಬೇಡ ಅನ್ನಲು ಅವಳು ಕಾರಣ ಹುಡುಕುವ ಹಾಗೆ ಆಗಬಾರದು, ಅಲ್ವಾ? "ಭಾಳ ಚಂದ ಬಂದೈತಿ, ಹಾಕಲೇಬೇಕು" ಅಂತ ಶುರು ಮಾಡಿದರೆ ಪಾಪ, ದಾಕ್ಷಿಣ್ಯಕ್ಕೆ ಹೂಂ ಅಂದುಬಿಡುತ್ತಾಳೆ.

ಧಾರವಾಡದಿಂದ, ಫೋಟೋ ಸ್ಟುಡಿಯೋ ನಡೆಸುವ ಓದುಗರು:

ಮೇಲಿನ ಅಕ್ಕ ಹೇಳಿದ್ದು ಸರಿ. ಒಂದು ಮಾತು ಸೇರಿಸುತ್ತೇನೆ. ಎಡಿಟ್ ಆದದ್ದರ ಜೊತೆ ಮೂಲ ಫೋಟೋವನ್ನೂ ಕಳಿಸಿ. ಒಂದೇ ನೋಡಿದರೆ ಎಲ್ಲಿ ಕೈ ಆಡಿಸಿದ್ದೀರಿ ಅಂತ ಗೊತ್ತಾಗುವುದಿಲ್ಲ. ಎರಡನ್ನೂ ಒಂದರ ಹಿಂದೆ ಒಂದು ಸರಿಸಿ ನೋಡಿದರೆ ತಟ್ಟನೆ ಕಾಣುತ್ತದೆ. ವಾಟ್ಸಾಪ್‌ನಲ್ಲಿ ಫೋಟೋ ಅಂತ ಕಳಿಸಿದರೆ ಅದು ಕುಗ್ಗಿ ಹೋಗುತ್ತದೆ, ಸಣ್ಣ ಬದಲಾವಣೆ ಮಸುಕಾಗುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿ, ಇದ್ದ ಹಾಗೇ ಹೋಗುತ್ತದೆ.

ಹಿಂದೆ ನಿಂತವರನ್ನು ಅಳಿಸಿದ್ದರೆ ಆ ಜಾಗವನ್ನು ದೊಡ್ಡದು ಮಾಡಿ ನೋಡಿ. ಕಲ್ಲಿನ ಮೆಟ್ಟಿಲ ಗೆರೆ ಅಲ್ಲೇ ಸೊಟ್ಟ ಆಗಿರುತ್ತದೆ, ಒಮ್ಮೊಮ್ಮೆ ಗೆಳತಿಯ ಸೆರಗಿನ ಅಂಚನ್ನೂ ತಿಂದಿರುತ್ತದೆ. ಕಳಿಸುವ ಮೊದಲೇ ಅದನ್ನು ಸರಿ ಮಾಡಿಕೊಳ್ಳಿ.

ನಿಮ್ಮ ಫೋಟೋ ನೀವೇ ತೆಗೆದದ್ದು, ಅಲ್ಲಿಗೆ ಚಿಂತೆ ಇಲ್ಲ. ಬೇರೆ ಗೆಳತಿ ತೆಗೆದಿದ್ದರೆ ಅವಳನ್ನೂ ಕೇಳಬೇಕಿತ್ತು. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಫೋಟೋದ ಕರ್ತೃ ಅಂದರೆ ಅದನ್ನು ತೆಗೆದವರು, ಅದರಲ್ಲಿ ಕಾಣುವವರಲ್ಲ. ಸ್ಟುಡಿಯೋದಲ್ಲಿ ದುಡ್ಡು ಕೊಟ್ಟು ತೆಗೆಸಿದ ಫೋಟೋದ ಲೆಕ್ಕ ಬೇರೆ.

ಹಾವೇರಿಯಿಂದ ಒಬ್ಬ ಓದುಗರು:

ಉತ್ತರ ಬರುವ ಬಗ್ಗೆ ಯಾರೂ ಹೇಳಿಲ್ಲ. ನೀಲಿ ಟಿಕ್ ಬಂತು ಅಂದರೆ ನೋಡಿದಳು ಅಂತ ಅಷ್ಟೇ, ಒಪ್ಪಿದಳು ಅಂತ ಅಲ್ಲ. ನನ್ನ ಗೆಳೆಯನಿಗೆ ಒಮ್ಮೆ "ಇನ್‌ಸ್ಟಾದಾಗ ಹಾಕಲೋ, ಬರೇ ಸ್ಟೇಟಸ್ ಇಡಲೋ?" ಅಂತ ಕೇಳಿದ್ದೆ. ಬಂದದ್ದು ಒಂದು ಹೆಬ್ಬೆರಳು. ಯಾವುದಕ್ಕೆ ಅಂತ ತಿಳಿಯಲಿಲ್ಲ. ಅವನು ಸ್ಟೇಟಸ್ ಸಾಕು ಅಂದುಕೊಂಡಿದ್ದ, ನಾನು ಎರಡೂ ಕಡೆ ಹಾಕಿದೆ. ಸ್ಟೇಟಸ್ ಆದರೆ 24 ಗಂಟೆಗೆ ಹೋಗುತ್ತದೆ, ಇನ್‌ಸ್ಟಾದಲ್ಲಿ ಹಾಕಿದ್ದು ನಾವು ತೆಗೆಯುವ ತನಕ ಕೂತಿರುತ್ತದೆ. ಅವನಿಗೆ ಬೇಸರವಾದದ್ದು ಅದಕ್ಕೇ. ಒಂದು ಮೆಸೇಜಿಗೆ ಒಂದೇ ಪ್ರಶ್ನೆ ಇಡಿ, ಹೂಂ ಅಥವಾ ಬೇಡ ಅಂತ ಮುಗಿಯಲಿ. ಎರಡು ದಿನ ಸುಮ್ನೆ ಇದ್ದರೆ ಒಮ್ಮೆ ಮಾತ್ರ ನೆನಪಿಸಿ: "ಆ ಫೋಟೋ ಹಾಕೂದು ಬಿಟ್ಟೇನಿ, ಹಾಕು ಅಂದ್ರ ಆಗ ಹಾಕತೇನಿ."