[ಪದಚರ್ಚೆ] ಕ್ಯಾಟಗರಿ 5 ಕೇಬಲ್: ದರ್ಜೆಯೋ, ವರ್ಗವೋ? (ತುರ್ತು)

ಸವಿತಾ:
ಎಲ್ಲರಿಗೂ ನಮಸ್ಕಾರ. ಮನೆ ವೈರಿಂಗ್ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಕೊಡಬೇಕು. ಈಥರ್ನೆಟ್ ಕೇಬಲ್‌ಗಳ ಪಟ್ಟಿಯಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಕ್ಯಾಟಗರಿ 5, 5ಇ, 6 ಇವುಗಳಿಗೆ ‘ಐದನೇ ದರ್ಜೆ’, ‘ಆರನೇ ದರ್ಜೆ’ ಅಂತ ಹಾಕಿದ್ದೇನೆ. ಪಟ್ಟಿಯ ಕೆಳಗೆ ಈ ಸಾಲಿದೆ: ‘ಐದನೇ ದರ್ಜೆಯ ಕೇಬಲ್ ಗಿಗಾಬಿಟ್ ವೇಗಕ್ಕೆ ಸಾಲದು.’ ಪದ ಸರಿಯಾಗಿದೆಯಾ?

ಗೋಪಾಲಯ್ಯ:
ದರ್ಜೆ ಪಾರ್ಸಿ ಕಡೆಯಿಂದ ಬಂದದ್ದು. ವರ್ಗ ಸಂಸ್ಕೃತ. ನಮ್ಮದೇ ‘ಬಗೆ’ ಇರುವಾಗ ಸಾಲ ಯಾಕೆ? ‘ಐದನೇ ಬಗೆಯ ತಂತಿ’ ಅಂತ ಬರೆಯಿರಿ. ಕೇಬಲ್ ಅನ್ನೋ ಮಾತೂ ಬೇಡ.

ನಾಗರಾಜ:
‘ತಂತಿ’ ಸಂಸ್ಕೃತದ ತಂತ್ರಿಯಿಂದ ಬಂದದ್ದು, ಗೋಪಾಲಯ್ಯನವರೇ. ಅದೂ ಬೇಡ ಅಂದ್ರೆ ಇನ್ನೇನು, ಹಗ್ಗ ಅಂತ ಬರೆಯೋಣವಾ?

ನನ್ನ ತಕರಾರು ಬೇರೆ. ಕನ್ನಡದಲ್ಲಿ ದರ್ಜೆಯ ಎಣಿಕೆ ಮೇಲಿನಿಂದ ಕೆಳಕ್ಕೆ. ಮೊದಲ ದರ್ಜೆ ಒಳ್ಳೆಯದು, ಮೂರನೇ ದರ್ಜೆ ಅಂದ್ರೆ ಬೈಗುಳ. ಕೇಬಲ್‌ನಲ್ಲಿ ಅದು ತಿರುಗಾಮುರುಗಾ, ಆರು ಐದಕ್ಕಿಂತ ಮೇಲು. ‘ಆರನೇ ದರ್ಜೆಯ ಕೇಬಲ್’ ಅಂತ ಓದಿದವರು ಅದನ್ನು ಕಳಪೆ ಮಾಲು ಅಂದುಕೊಳ್ಳುತ್ತಾರೆ.

ಸವಿತಾ:
ಅಯ್ಯೋ, ಇದು ಹೊಳೆದೇ ಇರಲಿಲ್ಲ. ಹಾಗಾದ್ರೆ ‘ವರ್ಗ 5’ ಅಂತ ಅಂಕಿಯನ್ನು ಹಿಂದೆ ಹಾಕಿದರೆ? ಆಗ ಅದು ಬರೀ ಹೆಸರಿನ ಹಾಗೆ ಕೇಳುತ್ತದೆ.

ಪ್ರಕಾಶ:
ಪದ ಏನಾದ್ರೂ ಇರಲಿ, ಕೆಳಗಿನ ಸಾಲು ಸರಿಯಾಗಿದೆ. ಕ್ಯಾಟ್ 5 ಅನ್ನು ಪರೀಕ್ಷಿಸೋದು 100 ಮೆಗಾಹರ್ಟ್ಸ್‌ವರೆಗೆ ಮಾತ್ರ. ಹಾಗಾಗಿ 100 ಮೆಗಾಬಿಟ್‌ಗಿಂತ ಜಾಸ್ತಿ ಹೋಗಲ್ಲ. ನಮ್ಮ ಮನೆಯದೂ ಹಳೆ ಕ್ಯಾಟ್ 5, ಗೋಡೆಯೊಳಗೇ ಇದೆ. ಎಷ್ಟು ದುಡ್ಡಿನ ಪ್ಲ್ಯಾನ್ ಹಾಕಿಸಿದರೂ 100ರ ಹತ್ತಿರವೇ ನಿಲ್ಲುತ್ತದೆ. ಗೋಡೆ ಒಡೆದು ಕ್ಯಾಟ್ 6 ಎಳೆಸಬೇಕು ಅಂತಿದ್ದೇನೆ.

ಶಂಕರ:
ಪ್ರಕಾಶ್, ಗೋಡೆಗೆ ಕೈ ಹಚ್ಚಬೇಡಿ. 100 ಮೆಗಾಹರ್ಟ್ಸ್ ಅನ್ನೋದು ಸರಿ, ಅದರಿಂದ 100 ಮೆಗಾಬಿಟ್ ಅನ್ನೋದು ತಪ್ಪು. 5ಇ ಕೂಡ 100 ಮೆಗಾಹರ್ಟ್ಸ್‌ನದೇ.

ತಾಮ್ರದ ಮೇಲಿನ ಗಿಗಾಬಿಟ್‌ಗೆ 1999ರಲ್ಲಿ ಮಾನಕ ಬರೆದಾಗ ಆಗಲೇ ಕಟ್ಟಡಗಳಲ್ಲಿ ಕೂತಿದ್ದ ಕ್ಯಾಟ್ 5 ಮೇಲೆ, 100 ಮೀಟರ್ ದೂರಕ್ಕೆ ಓಡಬೇಕು ಅಂತಲೇ ಬರೆದದ್ದು. ಹಳೆಯ 100 ಮೆಗಾಬಿಟ್ ಎರಡೇ ಜೋಡಿ ತಂತಿ ಬಳಸುತ್ತದೆ, ಒಂದು ಹೋಗಲು, ಒಂದು ಬರಲು. ಗಿಗಾಬಿಟ್ ನಾಲ್ಕೂ ಜೋಡಿಗಳಲ್ಲಿ ಏಕಕಾಲಕ್ಕೆ ಎರಡೂ ದಿಕ್ಕಿಗೆ ಕಳಿಸುತ್ತದೆ, ಜೋಡಿಗೆ 250 ಮೆಗಾಬಿಟ್‌ನಂತೆ. ಸಂಕೇತ ಬದಲಾಗುವ ಗತಿ ಎರಡರಲ್ಲೂ ಒಂದೇ, ಸೆಕೆಂಡಿಗೆ 12.5 ಕೋಟಿ ಸಲ.

5ಇ ಯಾಕೆ ಬಂತು ಅಂದ್ರೆ, ಒಂದೇ ಜೋಡಿಯಲ್ಲಿ ಎರಡೂ ಕಡೆಯಿಂದ ಮಾತಾಡುವಾಗ ನಿಮ್ಮ ದನಿಯೇ ತಿರುಗಿ ನಿಮ್ಮ ಕಿವಿಗೆ ಬೀಳುತ್ತದೆ, ಪಕ್ಕದ ಮೂರು ಜೋಡಿಗಳ ಗಲಾಟೆಯೂ ಸೇರಿಕೊಳ್ಳುತ್ತದೆ. ಇವನ್ನೆಲ್ಲ ಅಳೆಯಬೇಕು ಅನ್ನೋ ನಿಯಮ ಮೊದಲಿನ ಕ್ಯಾಟ್ 5ರಲ್ಲಿ ಇರಲಿಲ್ಲ. 5ಇ ಅದನ್ನು ಸೇರಿಸಿತು. ಅಂದ್ರೆ ಹಳೆ ಕೇಬಲ್ ಕೆಟ್ಟದ್ದು ಅಂತಲ್ಲ, ಅದಕ್ಕೆ ಆ ಪರೀಕ್ಷೆ ಆಗಿಲ್ಲ ಅಷ್ಟೆ. ಮನೆಯೊಳಗಿನ ಹತ್ತಿಪ್ಪತ್ತು ಮೀಟರಿಗೆ ಸಾಮಾನ್ಯವಾಗಿ ಧಾರಾಳ ಸಾಕು.

ಪ್ರಕಾಶ್, ಕೇಬಲ್ ಚುಚ್ಚಿದ ಲಿನಕ್ಸ್ ಕಂಪ್ಯೂಟರ್ ಇದ್ದರೆ ಇದನ್ನು ಓಡಿಸಿ. ಸ್ಪೀಡ್ ಟೆಸ್ಟ್ ಬೇಡ.

```
ethtool eth0
```

`Speed:` ಅನ್ನೋ ಸಾಲಿನಲ್ಲಿ ಏನಿದೆ ಹೇಳಿ. ಆಮೇಲೆ ಎರಡೂ ತುದಿಯ ಗೋಡೆ ಸಾಕೆಟ್ ಬಿಚ್ಚಿ, ನೀಲಿ ಮತ್ತು ಕಂದು ಜೋಡಿಗಳು ಎಲ್ಲಿ ಹೋಗಿವೆ ನೋಡಿ.

ಗೋಪಾಲಯ್ಯ:
ನಾಗರಾಜರೇ, ತಂತಿ ತದ್ಭವ. ತದ್ಭವ ನಮ್ಮದೇ. ದರ್ಜೆಯನ್ನೂ ತಂತಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ನಾಗರಾಜ:
ದರ್ಜೆಯನ್ನೂ ಜನ ತಲೆಮಾರುಗಳಿಂದ ಆಡುತ್ತಿದ್ದಾರೆ. ಯಾವ ಬಾಗಿಲಿಂದ ಬಂತು ಅನ್ನೋದರ ಮೇಲೆ ಜಾತಿ ಕಟ್ಟುವುದಾದರೆ ಈ ಪಟ್ಟಿಗೆ ಕೊನೆಯೇ ಇಲ್ಲ.

ಪ್ರಕಾಶ:
`Speed: 100Mb/s` ಅಂತ ಬಂತು. ಹಾಲ್‌ನ ಸಾಕೆಟ್ ಬಿಚ್ಚಿದೆ. ಕಿತ್ತಳೆ, ಹಸಿರು ಜೋಡಿ ಮಾತ್ರ ನೆಟ್‌ವರ್ಕ್ ಸಾಕೆಟ್‌ಗೆ ಹೋಗಿವೆ. ನೀಲಿ ಪಕ್ಕದ ಟೆಲಿಫೋನ್ ಸಾಕೆಟ್‌ಗೆ ಹೋಗಿದೆ. ಕಂದು ಸುಮ್ನೆ ಸುತ್ತಿ ಒಳಗೆ ತುರುಕಿದ್ದಾರೆ.

ಶಂಕರ:
ಅಷ್ಟೇ ವಿಷಯ. ಒಂದೇ ಕೇಬಲ್‌ನಲ್ಲಿ ಫೋನನ್ನೂ ನೆಟ್ಟನ್ನೂ ಸಾಗಿಸಿದ್ದಾರೆ. 100 ಮೆಗಾಬಿಟ್ ಕಾಲಕ್ಕೆ ಅದು ನಡೆಯುತ್ತಿತ್ತು. ಎರಡೂ ತುದಿಯ ಯಂತ್ರಗಳು ಎಷ್ಟು ವೇಗ ಅಂತ ಮಾತಾಡಿಕೊಳ್ಳುವುದೂ ಕಿತ್ತಳೆ, ಹಸಿರಿನ ಮೇಲೆಯೇ. ಹಾಗಾಗಿ ‘ಗಿಗಾಬಿಟ್ ಆಗಬಹುದು’ ಅಂತ ಒಪ್ಪಿಕೊಳ್ಳುತ್ತವೆ, ಉಳಿದೆರಡು ಜೋಡಿ ಸಿಗದೆ ಸೋಲುತ್ತವೆ. ಕೆಲವು ಯಂತ್ರ ಆಮೇಲೆ ತಾವಾಗಿ 100ಕ್ಕೆ ಇಳಿಯುತ್ತವೆ. ಇನ್ನು ಕೆಲವು ಕಟ್ ಆಗಿ, ಜೋಡಿಸಿಕೊಂಡು, ಮತ್ತೆ ಕಟ್ ಆಗುತ್ತಲೇ ಇರುತ್ತವೆ.

ಫೋನ್ ಬಳಕೆಯಲ್ಲಿ ಇಲ್ಲದಿದ್ದರೆ ಎಂಟೂ ತಂತಿಗಳನ್ನು ಎರಡೂ ತುದಿಯ ಸಾಕೆಟ್‌ಗಳಲ್ಲಿ ಬಣ್ಣದ ಗುರುತಿನಂತೆ ಒತ್ತಿ. ಜೋಡಿಯ ಹುರಿಯನ್ನು ತುದಿಯಲ್ಲಿ ಒಂದೂಕಾಲು ಸೆಂಟಿಮೀಟರ್‌ಗಿಂತ ಜಾಸ್ತಿ ಬಿಚ್ಚಬೇಡಿ.

ಪ್ರಕಾಶ:
ಸರ್, ಹಾಲ್‌ನಲ್ಲಿ `1000Mb/s` ಬಂತು! ಅದೇ ಹಳೆ ಕೇಬಲ್. ಆದ್ರೆ ಮೇಲಿನ ಕೋಣೆಯಲ್ಲಿ ಇದೇ ಕೆಲಸ ಮಾಡಿದರೆ ಗಿಗಾಬಿಟ್ ಹಿಡಿಯುತ್ತದೆ, ಸ್ವಲ್ಪ ಹೊತ್ತಿಗೆ ಬಿಡುತ್ತದೆ. ದೀಪದ ಟೆಸ್ಟರ್‌ನಲ್ಲಿ ಎಂಟೂ ಸರಿಯಾಗಿ ಹೊತ್ತಿಕೊಳ್ಳುತ್ತವೆ.

ಶಂಕರ:
ದೀಪದ ಟೆಸ್ಟರ್ ಹೇಳೋದು ತಂತಿ ತುದಿಯಿಂದ ತುದಿಗೆ ಇದೆಯಾ ಅಂತ ಮಾತ್ರ. ಅಲ್ಲಿ ಪ್ಲಗ್ ಕೈಯಾರೆ ಹಾಕಿದ್ದಾ? ಹಸಿರು ಜೋಡಿ 3 ಮತ್ತು 6ನೇ ಪಿನ್ನಿಗೆ ಹೋಗಬೇಕು, ನಡುವೆ 4, 5ರಲ್ಲಿ ನೀಲಿ ಕೂರಬೇಕು. ತಿಳಿಯದವರು ಜೋಡಿಗಳನ್ನು ಸಾಲಾಗಿ 1-2, 3-4, 5-6, 7-8 ಅಂತ ಕೂರಿಸುತ್ತಾರೆ. ಎರಡೂ ತುದಿಯಲ್ಲಿ ಹಾಗೇ ಮಾಡಿದರೆ ಟೆಸ್ಟರ್ ಪಾಸ್ ಅನ್ನುತ್ತದೆ. ಆದರೆ ಒಂದು ಸಂಕೇತ ಎರಡು ಬೇರೆ ಬೇರೆ ಹುರಿಗಳ ಒಂದೊಂದು ಎಳೆಯ ಮೇಲೆ ಓಡುತ್ತದೆ. ಹುರಿ ಹಾಕಿದ್ದೇ ದಂಡ.

ಪ್ರಕಾಶ:
ಬಣ್ಣದ ಸಾಲು ಸರಿಯಾಗಿಯೇ ಇದೆ ಸರ್, 3ರಲ್ಲೂ 6ರಲ್ಲೂ ಹಸಿರೇ.

ಶಂಕರ:
ಹಾಗಿದ್ರೆ ನಡುವೆ ಎಲ್ಲೋ ಜೋಡಣೆ ಇರಬಹುದು, ಇಲ್ಲ ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಕೇಬಲ್ ಇರಬಹುದು. ಒಂದು ಎಳೆಯನ್ನು ಚಾಕುವಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗಿದ್ದರೆ ಅಲ್ಯೂಮಿನಿಯಂ. ಅಂಥದ್ದರ ಮೇಲೆ ಕ್ಯಾಟ್ 6 ಅಂತ ಅಚ್ಚು ಹಾಕಿದ್ದರೂ ನಂಬಬೇಡಿ. ಇಲ್ಲಿಂದಲೇ ಇದಕ್ಕಿಂತ ಹೆಚ್ಚು ಹೇಳಲು ಆಗಲ್ಲ.

ಸವಿತಾ ಮೇಡಂ, ನಿಮ್ಮ ‘ಸಾಲದು’ ತೆಗೆಯಿರಿ. ಅದನ್ನು ಓದಿ ಇನ್ನೊಬ್ಬರು ಗೋಡೆ ಒಡೆಸುತ್ತಾರೆ. ಹೊಸದಾಗಿ ಎಳೆಯುವವರಿಗೆ 5ಇ ಇಲ್ಲವೇ 6 ಅಂತ ಹೇಳಿ, ಅದು ಬೇರೆ ಮಾತು.

ಸವಿತಾ:
ಎಲ್ಲರಿಗೂ ಧನ್ಯವಾದ. ಪಟ್ಟಿಯ ಕೆಳಗೆ ಹೀಗೆ ಹಾಕುತ್ತಿದ್ದೇನೆ: ‘ಮನೆಯಲ್ಲಿ ಈಗಾಗಲೇ ಇರುವ ಕ್ಯಾಟ್ 5 ಕೇಬಲ್ ಸಾಮಾನ್ಯವಾಗಿ ಗಿಗಾಬಿಟ್‌ಗೆ ಸಾಕು, ನಾಲ್ಕೂ ಜೋಡಿಗಳು ಎರಡೂ ತುದಿಯಲ್ಲಿ ಸೇರಿರಬೇಕು. ಹೊಸದಾಗಿ ಹಾಕಿಸುವವರು 5ಇ ಅಥವಾ 6 ಆರಿಸಿ.’ ಕೇಬಲ್ ಮೇಲೆ ಅಚ್ಚಾಗಿರುವುದು ಕ್ಯಾಟ್ ಅಂತಲೇ ಆದ್ದರಿಂದ ಹಾಗೇ ಬಿಟ್ಟಿದ್ದೇನೆ. ತಲೆಬರಹದಲ್ಲಿ ‘ವರ್ಗ’.

ಗೋಪಾಲಯ್ಯ:
ಕ್ಯಾಟ್! ‘ಬಗೆ 5’ ಅನ್ನೋಕೆ ಏನು ಕಷ್ಟ?

ನಾಗರಾಜ:
ಅಂಗಡಿಗೆ ಹೋಗಿ ‘ಬಗೆ 5 ಕೊಡಿ’ ಅಂತ ಕೇಳಿ ನೋಡಿ, ಗೊತ್ತಾಗುತ್ತದೆ.